ಕರೆಂಟಿಲ್ಲದ ಹೊತ್ತಿಗೆ ಯಾವ ಪಾಠ?

ಮಳೆ ಕೈಕೊಟ್ಟ 2023ರಲ್ಲಿ ನಮ್ಮೂರಿನಲ್ಲಿ ಸಂಜೆ ಆರರಿಂದ ಎಂಟರವರೆಗೆ ಕರೆಂಟು ತೆಗೆಯುತ್ತಿದ್ದರು. ಎದುರುಮನೆಯ ಹುಡುಗಿ ಎಸ್ಸೆಸ್ಸೆಲ್ಸಿ. ಸೋಮವಾರ, ಗುರುವಾರ ಸಂಜೆ ಗಣಿತ ಎಂದು ಅವಳಿಗೆ ವೇಳಾಪಟ್ಟಿ ಬರೆದುಕೊಟ್ಟವನು ನಾನೇ. ಕಿರುಪರೀಕ್ಷೆಯಲ್ಲಿ ಅವಳು ಗಣಿತದಲ್ಲೇ ಹಿಂದೆ ಬಿದ್ದಳು. "ದೀಪ ಬರೋ ಹೊತ್ತಿಗೆ ನಿದ್ದೆ ಬರುತ್ತೆ ಸಾರ್" ಎಂದಳು. ತಪ್ಪು ನನ್ನದು. ವಾರವನ್ನು ವಿಷಯ ನೋಡಿ ಹಂಚಿದ್ದೆ, ಬೆಳಕು ನೋಡಿ ಹಂಚಿರಲಿಲ್ಲ.

ಪಟ್ಟಿ ಬದಲಾಯಿಸಿದೆವು. ಕಣ್ಣಿಗೆ ಕೆಲಸವಿರುವುದೆಲ್ಲ ಬೆಳಿಗ್ಗೆ ಐದೂವರೆಯಿಂದ ಏಳಕ್ಕೆ ಬಂತು: ನಾಲ್ಕು ದಿನ ಲೆಕ್ಕ, ಎರಡು ದಿನ ವಿಜ್ಞಾನದ ಚಿತ್ರಗಳು. ಸಂಜೆ ಐದಕ್ಕೆ ಜಗಲಿಯ ಬೆಳಕಿನಲ್ಲಿ ಸಮಾಜವೋ ಕನ್ನಡವೋ ಒಂದೇ ಪಾಠ ಓದುವುದು. ಕತ್ತಲಾದ ಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನು ಅರ್ಧ ಗಂಟೆ ಅಮ್ಮನಿಗೆ ಹೇಳುವುದು, ಆಮೇಲೆ ಊಟ. ಎಂಟಕ್ಕೆ ದೀಪ ಬಂದೊಡನೆ ನೋಡದೆ ಬರೆದು, ಪುಸ್ತಕದೊಡನೆ ತಾಳೆ ಹಾಕುವುದು. ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲಿ ಗುರುತು. ಮರುದಿನ ಮೊದಲು ಅದನ್ನೇ ಓದುವುದು.

ಭಾನುವಾರ ಬೆಳಿಗ್ಗೆ ಪಟ್ಟಿಯಲ್ಲಿ ಏನೂ ಇಲ್ಲ. ಹೇಳದೆ ಕೇಳದೆ ಕರೆಂಟು ಹೋಗಿ ತಪ್ಪಿದ ಪಾಠಕ್ಕೆ ಆ ಹೊತ್ತು. ಅದೂ ಸಾಲದೆ ಬಂದರೆ ಪಟ್ಟಿಯೇ ಭಾರವಾಗಿದೆ ಎಂದು ತಿಳಿದು, ಒಂದು ಪಾಠ ಇಳಿಸಬೇಕು.

ಮೇಣದಬತ್ತಿಯಲ್ಲೇ ಓದಬಾರದೇ ಎಂದು ಅವಳ ತಂದೆ ಕೇಳಿದರು. ಒಂದು ಅಡಿಯಿಂದ ಎರಡು ಅಡಿಗೆ ಸರಿಸಿದರೆ ಪುಟದ ಮೇಲಿನ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಹತ್ತಿರ ಇಟ್ಟರೆ ಕೂದಲಿಗೆ ಬೆಂಕಿಯ ಭಯ. ಬಾಯಿಪಾಠಕ್ಕೆ ದೀಪವೇ ಬೇಡವಲ್ಲ ಎಂದೆ.