ಹಸಿರು ಶಾಯಿಯ ಸಹಿ

ಪೆರ್ಲದ ಬಳಿಯ ಒಬ್ಬ ಗೃಹಿಣಿ, ಪ್ಲಸ್ ಟು ಮುಗಿಸಿದ ಮಗಳನ್ನು ಮಂಗಳೂರಿನ ಕಾಲೇಜೊಂದಕ್ಕೆ ಸೇರಿಸಲು ಹೊರಟಾಗ, ಅಂಕಪಟ್ಟಿಯ ನೆರಳಚ್ಚು ಪ್ರತಿಗೆ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಬೇಕೆಂದು ಸೂಚನೆಯಲ್ಲಿತ್ತು. ಕೊನೆಯ ದಿನಕ್ಕೆ ಎರಡೇ ದಿನ ಉಳಿದಿತ್ತು.

ಅವರು ಮೊದಲು ಹೋದದ್ದು ನೆರೆಮನೆಯ ನಿವೃತ್ತ ಮುಖ್ಯೋಪಾಧ್ಯಾಯರಲ್ಲಿಗೆ. ಮಾಷ್ಟ್ರ ಮೇಜಿನೊಳಗೆ ಹಳೆಯ ಮೊಹರು ಇನ್ನೂ ಇತ್ತು. ಆದರೂ ಅವರು ಒಪ್ಪಲಿಲ್ಲ. "ಅಮ್ಮಾ, ಈ ಅಧಿಕಾರ ಹುದ್ದೆಯದ್ದು, ನನ್ನದಲ್ಲ. ನಿವೃತ್ತನಾದ ದಿನವೇ ಅದು ಮುಗಿಯಿತು" ಎಂದರು. ಸರಕಾರಿ ನೌಕರರೆಲ್ಲರಿಗೂ ಈ ಅಧಿಕಾರವಿಲ್ಲ. ಗುಮಾಸ್ತರು ಎಷ್ಟೇ ಹಿರಿಯರಾದರೂ ದೃಢೀಕರಿಸಲಾರರು. ನೋಟರಿಯೂ ಪತ್ರಾಂಕಿತ ಅಧಿಕಾರಿಯಲ್ಲ. ಸೂಚನೆಯಲ್ಲಿ ನೋಟರಿಯ ಹೆಸರಿದ್ದರೆ ಮಾತ್ರ ಅವರ ಸಹಿ ನಡೆಯುತ್ತದೆ.

ಮಾಷ್ಟ್ರು ಪಶು ಆಸ್ಪತ್ರೆಯ ದಾರಿ ತೋರಿಸಿದರು. ಕೇರಳದಲ್ಲಿ ಸರಕಾರಿ ಪಶುವೈದ್ಯರೂ ಕೃಷಿಭವನದ ಕೃಷಿ ಅಧಿಕಾರಿಯೂ ಸರಕಾರಿ ಆಸ್ಪತ್ರೆಯ ವೈದ್ಯರೂ ತಹಶೀಲ್ದಾರರೂ ಪತ್ರಾಂಕಿತರೇ. ದನದ ವೈದ್ಯರ ಸಹಿಗೆ ಅಂಕಪಟ್ಟಿಯ ಮೇಲೆ ಬೆಲೆಯುಂಟೇ ಎಂಬ ಶಂಕೆ ಅನಾವಶ್ಯಕ. ಅಧಿಕಾರಿ ಅಂಕಗಳಿಗೆ ಹೊಣೆಯಾಗುವುದಿಲ್ಲ, ಪ್ರತಿಯು ಮೂಲದಂತೆಯೇ ಇದೆಯೆಂದಷ್ಟೇ ಹೇಳುತ್ತಾರೆ. ಆದುದರಿಂದ ಮೂಲಪತ್ರವನ್ನು ಕಾಣದೆ ಯಾರೂ ಸಹಿ ಹಾಕಬಾರದು.

ವೈದ್ಯರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಪ್ರತಿಯಲ್ಲಿ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಬೇರೆ ಪ್ರತಿ ತರಿಸಿದರು. ಬಳಿಕ ಮೂಲಕ್ಕೆ ಸರಿಯಾದ ಪ್ರತಿಯೆಂದು ಬರೆದು, ಸಹಿ ಹಾಕಿ, ದಿನಾಂಕ ನಮೂದಿಸಿದರು. ಸಹಿಯ ಕೆಳಗೆ ಹೆಸರು, ಹುದ್ದೆ, ಕಚೇರಿ ಮತ್ತು ಊರನ್ನು ತೋರಿಸುವ ಮೊಹರು, ಪಕ್ಕದಲ್ಲಿ ಕಚೇರಿಯ ದುಂಡು ಮುದ್ರೆ ಬಿತ್ತು. ಹೆಸರಿಲ್ಲದೆ ಹುದ್ದೆ ಮಾತ್ರ ಇದ್ದರೆ ಸಹಿ ಯಾರದ್ದೆಂದು ತಿಳಿಯದು. ಆಗ ಹೆಸರನ್ನು ಸ್ಪಷ್ಟವಾಗಿ ಕೈಯಲ್ಲೇ ಬರೆಸಿಕೊಳ್ಳಬೇಕು. ಗಡಿ ದಾಟಿಹೋಗುವ ಕಾಗದಕ್ಕೆ ಮಲಯಾಳದ ಮೊಹರಿಗಿಂತ ಇಂಗ್ಲಿಷಿನದೇ ಅನುಕೂಲ, ಮಂಗಳೂರಿನ ಗುಮಾಸ್ತರು ಅದನ್ನು ಓದಬಲ್ಲರು.

ಅನೇಕ ಅಧಿಕಾರಿಗಳು ಹಸಿರು ಶಾಯಿ ಬಳಸುವುದು ರೂಢಿ. ಆದರೆ ಸಹಿಗೆ ಸಿಂಧುತ್ವ ಕೊಡುವುದು ಬಣ್ಣವಲ್ಲ. ಶಾಯಿ ಕಾಗದದ ಮೇಲೆ ನೇರವಾಗಿ ಬಿದ್ದಿರಬೇಕು. ದೃಢೀಕರಿಸಿದ ಪ್ರತಿಯನ್ನೇ ಮತ್ತೆ ನೆರಳಚ್ಚು ಮಾಡಿಸಿದರೆ ಅದು ದೃಢೀಕೃತವಾಗುವುದಿಲ್ಲ. ಅದಕ್ಕಾಗಿ ಆಕೆ ಮೂರು ಪ್ರತಿಗಳಿಗೆ ಬೇರೆಬೇರೆಯಾಗಿ ಸಹಿ ಮಾಡಿಸಿಕೊಂಡರು.

ಈ ಅಲೆದಾಟ ಎಲ್ಲ ಅರ್ಜಿಗಳಿಗೂ ಬೇಕಿಲ್ಲ. ಸ್ವಯಂ ದೃಢೀಕರಣವನ್ನು ಒಪ್ಪಿಕೊಳ್ಳುವಂತೆ ಕೇಂದ್ರ ಸರಕಾರ 2013ರಲ್ಲಿಯೇ ಸೂಚಿಸಿದೆ. ಅಂತಹ ಕಡೆ ಅರ್ಜಿದಾರರು ತಾವೇ ಸಹಿ ಹಾಕಿದರೆ ಸಾಕು. ಮೂಲವನ್ನು ಕೊನೆಯ ಹಂತದಲ್ಲಿ ತೋರಿಸಬೇಕಾಗುತ್ತದೆ. ಆದುದರಿಂದ ಮನೆಯಿಂದ ಹೊರಡುವ ಮೊದಲು ಸೂಚನೆಯಲ್ಲಿ ಯಾರ ಸಹಿ ಕೇಳಿದ್ದಾರೆಂಬ ಸಾಲನ್ನು ಎರಡು ಬಾರಿ ಓದುವುದು ಲೇಸು.