ನಾಳಿಯಿಂದ ಬರಬ್ಯಾಡ

ಹೋದ ವರ್ಷ ದಸರಾ ಸೂಟಿಯೊಳಗ ನಮ್ಮ ಮ್ಯಾಲಿನ ಮನಿ ಹುಡುಗಿ ತನ್ನ ಅಡಿಗಿ ಅಕ್ಕಾಗ ಎರಡ ಶಬ್ದದಾಗ ಕೆಲಸ ಬಿಡಿಸಿಬಿಟ್ಲು. ತಾ ಬಿಡಿಸೀನಿ ಅನ್ನೋದು ಆಕಿಗೆ ಗೊತ್ತ ಇರಲಿಲ್ಲ.

ಈ ಹುಡುಗಿ ಕಲಕತ್ತಾದಾಕಿ. ಇಲ್ಲೆ ಧಾರವಾಡದಾಗ ಕಾಲೇಜಿನ್ಯಾಗ ಕಲಸ್ತಾಳ. ಗಂಡಾ ಹೆಂಡತಿ ಮಾತಾಡೋದು ಇಂಗ್ಲೀಷು, ಇಲ್ಲಾ ಬಂಗಾಲಿ. ಅಡಿಗಿ ಅಕ್ಕಾಗ ಹಿಂದಿ ಅಂದ್ರ ಸಂತ್ಯಾಗ ಚೌಕಾಶಿ ಮಾಡೋವಷ್ಟ ಮಾತ್ರ ಬರ್ತದ. ಹಿಂಗಾಗಿ ಹುಡುಗಿ ಕನ್ನಡ ಕಲಿಯೋ ಪುಸ್ತಕ ಒಂದು ತಂದ್ಲು. ಅದರಾಗಿಂದ ಬೇಕಾದ ಮಾತು ಆರಿಸಿ, ಇಂಗ್ಲೀಷ್ ಅಕ್ಷರದಾಗ ಚೀಟಿ ಬರದು ಫ್ರಿಜ್ಜಿನ ಬಾಗಲಕ್ಕ ಅಂಟಿಸಿದ್ಲು. ನೀರು ಹಾಕು. ಪಾತ್ರೆ ತೊಳಿ. ಖಾರ ಬೇಡ. ನೋಡ್ಕೋತ ಓದಿ ಹೇಳ್ತಿದ್ಲು, ಪಾಪ, ಪರೀಕ್ಷಾ ಕೊಟ್ಟಂಗ.

ಪೂಜಾಕ್ಕ ಅಂತ 12 ದಿವಸ ಊರಿಗೆ ಹೊಂಟಾಗ ಅದೇ ಪುಸ್ತಕ ಹುಡುಕಿ "ನಾಳೆಯಿಂದ ಬರಬೇಡ" ಅಂದ್ಲಂತ. ಆಕಿ ಮನಸಿನ್ಯಾಗ ಇದ್ದದ್ದು, ನಾವು ಇರಂಗಿಲ್ಲ, ನೀವು ಸುಮ್ಮನ ಯಾಕ ತ್ರಾಸ ತಗೋತೀರಿ ಅಂತ. ಅಕ್ಕಾ ಕೇಳಿದ್ದು, ನಿನ್ನ ಕೆಲಸ ಮುಗೀತು ಅಂತ. ಆಕಿ ಏನೂ ಮಾತಾಡಲಿಲ್ಲ. ಕಟ್ಟಿ ಒರಸಿ, ತನ್ನ ಚಹಾದ ಕಪ್ಪು ತೊಳದಿಟ್ಟು, ಕೀಲಿ ಟೇಬಲ್ ಮ್ಯಾಲೆ ಇಟ್ಟು ಹೋದ್ಲು. ಕೀಲಿ ಇಟ್ಟದ್ದು ನೋಡಿನೂ ಹುಡುಗಿಗೆ ತಿಳೀಲಿಲ್ಲ. ಎಷ್ಟು ಪ್ರಾಮಾಣಿಕ ಬಾಯಿ ಅಂದ್ಕೊಂಡ್ಲಂತ!

ತಿರಗಿ ಬಂದ ಮ್ಯಾಲೆ ಎರಡು ದಿವಸ ಹಾದಿ ನೋಡಿ, ಮೂರನೇ ದಿವಸ ಕೆಳಗ ನನ್ನ ಹತ್ರ ಬಂದ್ಲು. "ಆಂಟಿ, ಹೇಳದ ಕೇಳದ ಬಿಟ್ಟು ಹೋಗ್ಯಾರ" ಅಂತ ಸಿಟ್ಟು. ಅಕ್ಕಾನ್ನ ನಾ ಕೆಲಗೇರಿ ಹಾದ್ಯಾಗ ಕಂಡೆ. ಆಕೀದು ಬ್ಯಾರೇನ ಸಿಟ್ಟು. "ವೈನಿ, ಬಿಡ್ಸೋದಿದ್ರ ಬಿಡ್ಸಲಿ. ನನ್ನ ಮಗಳಕಿಂತ ಸಣ್ಣಾಕಿ, ಬರಬ್ಯಾಡ ಅಂತ ನಾಯಿಗೆ ಅಂದಂಗ ಅಂದ್ಲು. ತಿಂಗಳ ಮುಗಿಯೋತನಾನೂ ತಡೀಲಿಲ್ಲ" ಅಂದ್ಲು. ಅಷ್ಟರಾಗ ಮುಂಜಾನೆ ಹೊತ್ತಿಗೆ ಬ್ಯಾರೆ ಮನಿ ಹಿಡದಿದ್ಲು. 12 ದಿವಸ ಪಗಾರ ಇಲ್ಲದ ಕೂಡ್ಲಿಕ್ಕೆ ಯಾರಿಂದ ಆಗ್ತದ?

ಅವತ್ತ ಸಂಜಿಮುಂದ ನಾನೂ ಆ ಹುಡುಗಿನೂ ಫ್ರಿಜ್ಜಿನ ಮುಂದ ಸ್ಟೂಲ್ ಹಾಕ್ಕೊಂಡು ಕೂತು ಚೀಟಿ ತಿದ್ದಿದ್ವಿ. ನಾ ಪಿಯುಸಿ ಓದಿದಾಕಿ, ವ್ಯಾಕರಣ ಹೇಳಿಕೊಡೋ ಪೈಕಿ ಅಲ್ಲ. ಆದ್ರ ನಮ್ಮ ಮಾತು ಹೆಂಗ ಕಿವಿಗೆ ಬೀಳ್ತದ ಅನ್ನೋದು ನನಗ ಗೊತ್ತು.

ಮೊದಲನೇದ್ದು, ಪುಸ್ತಕದಾಗ ಕ್ರಿಯಾಪದ ಎಲ್ಲಾ ಬೋಳ ಇರ್ತಾವ. ಹಾಕು, ತೊಳಿ, ಹೆಚ್ಚು, ಇಡು. ಇವನ್ನ ಹಂಗ ಬಾಯಿಂದ ತಗದ್ರ ಸಣ್ಣ ಹುಡುಗರಿಗೆ ಅಂದಂಗ ಆಗ್ತದ. ನಮ್ಮ ಕಡೆ ಬಾಲಕ್ಕೊಂದು "ರಿ" ಹಚ್ಚಿದ್ರ ಮುಗೀತು. ಹಾಕ್ರಿ, ತೊಳೀರಿ, ಹೆಚ್ರಿ, ಇಡ್ರಿ. ಕೆಲವೊಂದು ಮಾತ್ರ ರೂಪ ಬದಲಾಗ್ತಾವ, ಅವನ್ನ ಬಾಯಿಪಾಠ ಮಾಡ್ಬೇಕು. ಬಾ ಇದ್ದದ್ದು ಬರ್ರಿ, ತಾ ಇದ್ದದ್ದು ತರ್ರಿ, ತಗೋ ಇದ್ದದ್ದು ತಗೋರಿ. ಬ್ಯಾಡ ಅನ್ನೋದು ಬ್ಯಾಡ್ರಿ. ಬೆಂಗಳೂರು ಮೈಸೂರು ಕಡೆ ಹಾಕಿ, ಇಡಿ, ಬನ್ನಿ ಅಂತಾರ, ಅದೂ ಮರ್ಯಾದೀನ. ಆದ್ರ ನಮ್ಮ ಅಕ್ಕಾಗ ಅದು ಟಿವಿ ಮಾತು. ಪಾತ್ರೆ ಅಂದ್ರನೂ ಆಕಿಗೆ ತಿಳೀತದ, ಭಾಂಡಿ ಅಂದ್ರ ಲಗೂನ ತಿಳೀತದ. ಕಸ ಗುಡಿಸಿ ಅನ್ನೋದರ ಬದಲಿ ಕಸಾ ಹೊಡೀರಿ ಅನ್ನು ಅಂದೆ. ಹುಡುಗಿ ಹೌಹಾರಿದ್ಲು, ಹೊಡಿಯೋದು ಅಂದ್ರ ಬಡಿಯೋದಲ್ಲಾ ಅಂತ!

"ಪ್ಲೀಸ್ ಎಲ್ಲೆ ಹಾಕಲಿ ಆಂಟಿ?" ಅಂತ ಕೇಳಿದ್ಲು. ಪುಸ್ತಕದಾಗ ಎಲ್ಲಾದಕ್ಕೂ ಮುಂದ ದಯವಿಟ್ಟು ಅಂತ ಇತ್ತು. ಅಡಿಗಿ ಮನ್ಯಾಗ ನಿಂತು ದಯವಿಟ್ಟು ಈರುಳ್ಳಿ ಹೆಚ್ಚಿ ಅಂದ್ರ ರೈಲ್ವೆ ಸ್ಟೇಷನ್ನಿನ್ಯಾಗ ಮೈಕಿನ್ಯಾಗ ಕೂಗಿದಂಗ ಆಗ್ತದ. ನಮ್ಮ ಪ್ಲೀಸು ಅಂದ್ರ ಮೊದಲ "ಅಕ್ಕಾರ" ಅಂತ ಕರಿಯೋದು, ಕಡೀಕ "ರಿ". ಇನ್ನೂ ಮೆತ್ತಗ ಬೇಕಂದ್ರ ಕೇಳಿದಂಗ ಹೇಳೋದು, "ಅಕ್ಕಾರ, ಉಳ್ಳಾಗಡ್ಡಿ ಹೆಚ್ಚಿ ಕೊಡ್ತೀರೇನ್ರಿ?" ಅಂತ. "ಸ್ವಲ್ಪ" ಅನ್ನೋದೂ ಪ್ಲೀಸಿನ ಕೆಲಸ ಮಾಡ್ತದ, "ಸ್ವಲ್ಪ ಇಲ್ಲೆ ಬರ್ರಿ" ಅಂದಂಗ. ಆದ್ರ ಅಡಿಗಿ ವಿಷಯಕ್ಕ ಈ ಸ್ವಲ್ಪ ಹಚ್ಚಬಾರದು. "ಸ್ವಲ್ಪ ಎಣ್ಣಿ ಹಾಕ್ರಿ" ಅಂದ್ರ ಎಣ್ಣೀನ ಕಮ್ಮಿ ಹಾಕ್ತಾರ, ಬದನಿಕಾಯಿ ತಳಾ ಹತ್ತತಾವ.

ಖಾರದ್ದು ಇದಕಿಂತ ಮಜಾ. ಚೀಟ್ಯಾಗ "ಖಾರ ಬೇಡ" ಅಂತ ಇತ್ತಲ್ಲ, ಆಕಿ ಅರ್ಥ ಬಾಯಿ ಉರಿಯೋವಷ್ಟು ಬ್ಯಾಡ ಅಂತ. ನಮ್ಮ ಕಡೆ ಖಾರ ಅಂದ್ರ ಮೆಣಸಿನಕಾಯಿ ಪುಡಿನೂ ಹೌದು. ಅಕ್ಕಾ ಪುಡಿ ಡಬ್ಬಿ ಮುಟ್ಟೋದ ಬಿಟ್ಲು. ತಿಂಗಳಗಟ್ಲೆ ಇಬ್ಬರೂ ಬೋಳ ಬ್ಯಾಳಿ ಉಂಡ್ರು. ಹೇಳೋದು ಹೆಂಗ? ಅಳತಿ ಹೇಳಿ, "ಸಾಕ್ರಿ" ಅನ್ನೋದು. "ಅಕ್ಕಾರ, ಪಲ್ಯಾಕ್ಕ ಖಾರದ ಪುಡಿ ಅರ್ಧ ಚಮಚ ಸಾಕ್ರಿ." ಯಾವ ಚಮಚ ಅಂತ ಕೈಯಾಗ ಹಿಡದು ತೋರಸೋದು. ಬ್ಯಾಡ ಅನ್ನೋ ಶಬ್ದ ಪೂರ್ತಿ ಬ್ಯಾಡಾದಾಗ ಮಾತ್ರ. ಮರುದಿನ ಬಾಯಿಗೆ ಹತ್ತಿದ್ರ "ಇವತ್ತ ಛೊಲೋ ಆಗ್ಯದ್ರಿ, ದಿನಾ ಇಷ್ಟ ಹಾಕ್ರಿ" ಅಂದ್ರ ಅಳತಿ ಗಟ್ಟಿ ಆತು.

ಇಂಗ್ಲೀಷ್ ಅಕ್ಷರದ್ದೂ ಒಂದು ಫಜೀತಿ. "ಹಾಲು" ಅಂತ ಬರದದ್ದನ್ನ ಆಕಿ "ಹಾಳು" ಅಂತ ಓದ್ತಿದ್ಲು. ದಿನಾ ಮುಂಜಾನೆ "ಹಾಳು, ಹಾಳು" ಅನಿಸ್ಕೊಂಡು ಅಕ್ಕಾ ಹೆಂಗ ಸುಮ್ಮನಿದ್ಲೋ! ಚೀಟಿ ನೋಡಿ ಓದೋದು ಬಿಟ್ಟು, ನಾ ಹೇಳಿದ್ದನ್ನ ಕೇಳಿ ಹೇಳು ಅಂದೆ.

ಕಡೀಕ ಆ ದೊಡ್ಡ ಮಾತು. "ಹಂಗಾರ ನಾಳಿಯಿಂದ ಬರಬ್ಯಾಡ್ರಿ ಅನ್ನಬೇಕಿತ್ತೇನ ಆಂಟಿ?" ಅಂದ್ಲು. ಇಲ್ಲವಾ. ರಿ ಹಚ್ಚಿದ್ರ ಮರ್ಯಾದಿ ಬರ್ತದ, ಅರ್ಥ ಬದಲಾಗಂಗಿಲ್ಲ. ಅದು ಮರ್ಯಾದಿ ಕೊಟ್ಟು ಬಿಡಿಸಿದಂಗ. ನಾಳಿಯಿಂದ ಅಂತ ಶುರು ಆಗಿ ಬರಬ್ಯಾಡ ಅಂತ ಮುಗದ ಮಾತಿಗೆ ನಮ್ಮೊಳಗ ಒಂದ ಅರ್ಥ. ಬರೋ ಜರೂರಿಲ್ಲ ಅಂದ್ರನೂ ಚುಚ್ಚತದ. ಅದಕ್ಕ ಬರಬ್ಯಾಡ ಅನ್ನೋ ಗೊಡವಿಗೇನ ಹೋಗಬಾರದು, ಸಣ್ಣ ಸಣ್ಣ ಮಾತು ಮಾಡಿ ಹೇಳಬೇಕು:

"ಅಕ್ಕಾರ, ನಾವು 12 ದಿವಸ ಊರಿಗೆ ಹೊಂಟೀವ್ರಿ. ನಿಮಗ ರಜಾ. ಪಗಾರ ಪೂರಾ ಕೊಡ್ತೀನಿ. 15ನೇ ತಾರೀಖ ಮುಂಜಾನೆ ಬರ್ರಿ."

ಮೊದಲ ಕಾರಣ, ಆಮ್ಯಾಲೆ ರಜಾ ಅನ್ನೋ ಶಬ್ದ, ಅದರ ಹಿಂದ ಪಗಾರ. ಯಾಕಂದ್ರ ರಜಾ ಅಂದ ಕೂಡ್ಲೆ ಅವರ ತಲ್ಯಾಗ ಬರೋದು ರೊಕ್ಕದ್ದ ವಿಚಾರ, ಆದ್ರ ಬಾಯಿ ಬಿಟ್ಟು ಕೇಳಂಗಿಲ್ಲ. ಕಡೀಕ ತಾರೀಖು. ಕಿವಿಯೊಳಗ ಉಳಿಯೋ ಕಡೀ ಶಬ್ದ "ಬರ್ರಿ" ಅಂತ ಇರಬೇಕು. ಹೇಳಾದ ಮ್ಯಾಲೆ ಕ್ಯಾಲೆಂಡರಿನ ಮುಂದ ನಿಂತು "ಯಾವತ್ತ ಬರ್ತೀರಿ?" ಅಂತ ಕೇಳು ಅಂದೆ. "ತಿಳೀತೇನ್ರಿ?" ಅಂದ್ರ ಎಲ್ಲಾರೂ ಹೂಂ ಅಂತಾರ. ಆಕಿ ತಾನ 15 ಅಂತ ಬೊಟ್ಟು ಇಟ್ಟು ತೋರಿಸಿದ್ರ ತಿಳದದ ಅಂತ ಅರ್ಥ.

ಆ ರವಿವಾರ ಹುಡುಗಿ ನನ್ನ ಕರಕೊಂಡು ಅಕ್ಕಾನ ಮನಿಗೆ ಹೋದ್ಲು. "ಅಕ್ಕಾರ, ನಂದು ತಪ್ಪಾತ್ರಿ" ಅಂತ ತಾನ ಅಂದ್ಲು, ನಾ ಬಾಯಿ ಹಾಕಲಿಲ್ಲ. 12 ದಿವಸದ ಪಗಾರನೂ ಕೊಟ್ಲು. ಅಕ್ಕಾ ಚಹಾ ಮಾಡಿಕೊಟ್ಲು. ಆದ್ರ ಮುಂಜಾನೆ ಮನಿ ಬಿಡಲಿಕ್ಕೆ ಆಗಂಗಿಲ್ಲ, ಅವರಿಗೆ ಮಾತು ಕೊಟ್ಟೀನಿ ಅಂದ್ಲು. ಈಗ ಸಂಜಿಗಷ್ಟ ಬರ್ತಾಳ. ಮುಂಜಾನೆ ಆ ಗಂಡಾ ಹೆಂಡತಿ ಬ್ರೆಡ್ ತಿಂದು ಹೋಗ್ತಾರ.

ಇಷ್ಟಕ್ಕ ಮುಗೀತು ಅಂದ್ಕೊಂಡಿದ್ದೆ. ಒಂದ ದಿವಸ ನಮ್ಮ ಮನ್ಯಾಗ ಕೂತಾಗ ನಮ್ಮ ಭಾಂಡಿ ತಿಕ್ಕಾಕಿ ಬಂದ್ಲು. ನಾ ಎಂದಿನಂಗ "ಬಾ, ಮೊದಲ ಕುಕ್ಕರ್ ತಿಕ್ಕಿ ಕೊಡು" ಅಂದೆ. ಹುಡುಗಿ ನನ್ನ ಮುಖಾನ ನೋಡಿದ್ಲು. "ಆಂಟಿ, ನೀವು ಬರ್ರಿ ಅನ್ನಲಿಲ್ಲ."

"ನಮ್ಮಾಕಿ ಆಕಿ. ನಮ್ಮೊಳಗ ಅವ್ವಗನೂ ನೀ ಬಾ ಅಂತೀವಿ, ಅದು ಸಲಿಗಿ" ಅಂದೆ. ಅದು ಸುಳ್ಳಲ್ಲ. ಆಕಿ ಒಂದು ಗಳಿಗಿ ಸುಮ್ಮನಿದ್ದು, "ಹಂಗಾರ ಅವರೂ ನಿಮಗ ನೀ ಅಂತಾರೇನು?" ಅಂತ ಕೇಳಿದ್ಲು.

ಹದಿನಾರು ವರ್ಷ ಆತು ಆಕಿ ಬರ್ಲಿಕ್ಕೆ ಹತ್ತಿ. ನನ್ನ ವಾರಿಗಿಯಾಕೀನ, ಮೊಮ್ಮಕ್ಕಳನ್ನ ಕಂಡಾಕಿ. ಒಂದ ದಿವಸನೂ ನನಗ ನೀ ಅಂದಿಲ್ಲ. ಬಾಯಾರ, ನೀವು, ಹೂಂರಿ.

ಮರುದಿನ ಧೈರ್ಯ ಮಾಡಿ "ಬರ್ರಿ, ಚಹಾ ಕುಡದು ಭಾಂಡಿ ತಿಕ್ರಿ" ಅಂದೆ. ಆಕಿ ಬಾಗಲದಾಗ ಗಪ್ಪನ ನಿಂತ್ಲು. "ಯಾಕ್ರಿ ಬಾಯಾರ, ಸಿಟ್ಟಾಗೀರೇನು? ನನ್ನಿಂದ ಏನರ ತಪ್ಪಾತೇನ್ರಿ?" ಅಂದ್ಲು. ನಮ್ಮೊಳಗ ಅದೂ ಒಂದು ಅದಲ್ಲ, ಹತ್ತಿರದವರಿಗೆ ಒಮ್ಮಿಂದೊಮ್ಮೆ ರಿ ಹಚ್ಚಿದ್ರ ಮುನಿಸು ಅಂತ. ಹಂಗಲ್ಲ, ಮ್ಯಾಲಿನ ಮನಿ ಹುಡುಗಿ ಕಲಿಸ್ಯಾಳ ಅಂತ ಎಲ್ಲಾ ಹೇಳಿದೆ. ಬಾಯಿಗೆ ಸೆರಗು ಹಚ್ಕೊಂಡು ನಕ್ಲು. "ನಿಮ್ಮ ಬಾಯಾಗ ಅದು ಹೊಂದಂಗಿಲ್ಲ ಬಿಡ್ರಿ" ಅಂತ ಕುಕ್ಕರ್ ತಗೊಂಡು ಹಿತ್ತಲಕ್ಕ ಹೋದ್ಲು. ಎರಡು ಹೆಜ್ಜಿ ಹೋಗಿ ತಿರಗಿ, "ಹೊರಗಿನವರು ಬಂದಾಗ ಮಾತ್ರ ಅನ್ರಿ. ನನ್ನ ಸೊಸಿ ಮುಂದರ ಅನ್ರಿ" ಅಂದ್ಲು.

ಈಗ ಹೊರಗಿನವರು ಇದ್ದಾಗ ರಿ ಅಂತೀನಿ. ಇಬ್ಬರ ಇದ್ದಾಗ ಅರ್ಧಾ ದಿವಸ ನೆನಪಿರ್ತದ, ಅರ್ಧಾ ದಿವಸ ಇರಂಗಿಲ್ಲ.