ಝಿಯಾರತ್ ಯಾತ್ರೆಯ ಲಾಡ್ಜ್: ಮುಂಗಡ ಕೊಡುವ ಮುನ್ನ

ಕಳೆದ ರಜಬ್ ತಿಂಗಳಿನಲ್ಲಿ, ಉರೂಸಿನ ಜನಸಂದಣಿ ಕರಗಿದ ಬಳಿಕ, ಜಯನಗರದಿಂದ ನಾವು ಆರು ಮಂದಿ ಅಜ್ಮೀರಿಗೆ ಹೊರಟೆವು. ನಾವಿಬ್ಬರು, ಎಪ್ಪತ್ತು ದಾಟಿದ ಅಮ್ಮಿ, ತಂಗಿ ಮತ್ತು ಇಬ್ಬರು ಮಕ್ಕಳು. ದರ್ಗಾ ಬಜಾರಿನ ಪಕ್ಕದ ಗಲ್ಲಿಯೊಂದರ ಅಗ್ಗದ ಲಾಡ್ಜಿನಲ್ಲಿ ಮೂರು ರಾತ್ರಿ ತಂಗಿದೆವು. ಕುಟುಂಬ ಸಮೇತ ಹೋಗುವವರಿಗೆ ಉಪಯೋಗವಾಗಲೆಂದು ಅಲ್ಲಿ ಕಂಡುದನ್ನು ಬರೆಯುತ್ತಿದ್ದೇವೆ.

ಮೊದಲು ನೋಡಿದ್ದು ಮೆಟ್ಟಿಲನ್ನು. ಅದಕ್ಕೆ ಕಾರಣವಿದೆ. 2025ರ ಮೇ 1ರಂದು ಅಜ್ಮೀರದ ಡಿಗ್ಗಿ ಬಜಾರಿನ ಬಹುಮಹಡಿ ಹೋಟೆಲೊಂದರಲ್ಲಿ ಬೆಂಕಿ ಹೊತ್ತಿಕೊಂಡು, ಮಗುವೂ ಸೇರಿ ನಾಲ್ವರು ಅಸುನೀಗಿದರು. ಜೀವ ಉಳಿಸಿಕೊಳ್ಳಲು ಕೆಲವರು ಕಿಟಕಿಗಳಿಂದ ಹಾರಿದರು. ಗಲ್ಲಿಯ ಇಕ್ಕಟ್ಟು ಅಗ್ನಿಶಾಮಕ ದಳಕ್ಕೆ ಅಡ್ಡಿಯಾಯಿತು. ದರ್ಗಾದ ಸುತ್ತಲಿನ ಕಟ್ಟಡಗಳು ಬಹುಪಾಲು ಹೀಗೆಯೇ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಅಲ್ಲಿ ಬೆಂಕಿಗಿಂತ ಮೊದಲು ಹೊಗೆಯು ಮೆಟ್ಟಿಲನ್ನು ತುಂಬುತ್ತದೆ. ಆದ್ದರಿಂದ ಎರಡನೆಯ ದಾರಿ ಇದೆಯೇ, ಕಿಟಕಿಗೆ ತೆರೆಯಲಾಗದ ಸರಳುಗಳಿವೆಯೇ ಎಂದು ಕೋಣೆಯನ್ನು ಒಪ್ಪುವ ಮೊದಲೇ ನೋಡಬೇಕು. ನಮ್ಮ ಲಾಡ್ಜಿನಲ್ಲಿ ಹಿಂಬದಿಯ ಮೆಟ್ಟಿಲೇನೋ ಇತ್ತು. ಆದರೆ ಅದರ ಬಾಗಿಲಿಗೆ ಬೀಗ ಜಡಿದು, ಮುಂದೆ ಹಳೆಯ ಹಾಸಿಗೆಗಳನ್ನು ಪೇರಿಸಿದ್ದರು. ಬೀಗ ಹಾಕಿದ ದಾರಿ ಇಲ್ಲದ ದಾರಿಗೆ ಸಮ. ಅದನ್ನು ತೆರವುಗೊಳಿಸಿದರೆ ಮಾತ್ರ ಮುಂಗಡ ಕೊಡುವೆವೆಂದೆವು. ಮ್ಯಾನೇಜರ್ ಮುಖ ಸಿಂಡರಿಸಿದರಾದರೂ ಹಾಸಿಗೆಗಳನ್ನು ಸರಿಸಿ, ಬೀಗ ತೆಗೆದು, ಒಳಗಿನ ಚಿಲಕವನ್ನಷ್ಟೇ ಉಳಿಸಿದರು. ಆ ಸಂಜೆ ಮಕ್ಕಳನ್ನು ಎರಡೂ ದಾರಿಗಳಲ್ಲಿ ಒಮ್ಮೆ ಇಳಿಸಿ ಹತ್ತಿಸಿದೆವು.

ಎರಡನೆಯದು ನೀರು. ಅಜ್ಮೀರಿಗೆ ಕುಡಿಯುವ ನೀರು ಬರುವುದು ಟೋಂಕ್ ಜಿಲ್ಲೆಯ ಬೀಸಲ್‌ಪುರ ಅಣೆಕಟ್ಟಿನಿಂದ. ಅದೂ ಪ್ರತಿದಿನ ನಲ್ಲಿಗೆ ಬರುವುದಿಲ್ಲ. ಕಾವೇರಿ ನೀರು ಬಂದಾಗ ಸಂಪು ತುಂಬಿಸಿಕೊಳ್ಳುವ ನಮಗೆ ಇದು ಹೊಸತಲ್ಲ. ನಮ್ಮ ಲೆಕ್ಕ ಸರಳವಾಗಿತ್ತು. ಪ್ರವಾದಿ(ಸ)ರವರು ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಲೀಟರಿನಂತೆ ಹಿಡಿದರೂ ಆರು ಮಂದಿಯ ಐದು ಹೊತ್ತಿನ ವುಝೂಗೆ ಮೂವತ್ತು ಲೀಟರ್ ಸಾಕು. ಸ್ನಾನಕ್ಕೆ ತಲೆಗೊಂದು ಬಕೆಟ್‌ನಂತೆ ಸುಮಾರು ನೂರು ಲೀಟರ್, ಶೌಚಾಲಯಕ್ಕೆ ಅದಕ್ಕಿಂತಲೂ ಹೆಚ್ಚು. ಅಂದರೆ ಕುಟುಂಬವೊಂದಕ್ಕೇ ದಿನಕ್ಕೆ ಮುನ್ನೂರು ಲೀಟರಿನಷ್ಟು ಬೇಕು. ಹತ್ತು ಕೋಣೆಗಳೂ ಹೀಗೆ ತುಂಬಿದರೆ, ಮಾಳಿಗೆಯ ಸಾವಿರ ಲೀಟರಿನ ಒಂದೇ ಟ್ಯಾಂಕು ಮಧ್ಯಾಹ್ನದೊಳಗೆ ಬರಿದಾಗುತ್ತದೆ. "ಇಪ್ಪತ್ತನಾಲ್ಕು ಗಂಟೆಯೂ ನೀರು" ಎಂಬ ಫಲಕವನ್ನು ನಂಬುವುದಕ್ಕಿಂತ, ಟ್ಯಾಂಕುಗಳೆಷ್ಟು, ಮೋಟರು ಯಾವಾಗ ಹಾಕುತ್ತೀರಿ ಎಂದು ಕೇಳುವುದು ಲೇಸು. ಸ್ನಾನದ ಮನೆಗಳಲ್ಲಿ ದೊಡ್ಡ ಡ್ರಮ್ಮುಗಳನ್ನು ತುಂಬಿಸಿಟ್ಟಿದ್ದರೆ ನೀರು ನಿಲ್ಲುವುದುಂಟೆಂದೇ ತಿಳಿಯಬೇಕು. ಇಲ್ಲಿ ಎರಡು ಟ್ಯಾಂಕುಗಳಿದ್ದವು. ಆದರೂ ಫಜ್ರ್‌ಗೆ ಮುನ್ನ ಎಲ್ಲರೂ ಒಟ್ಟಿಗೆ ಎದ್ದಾಗ ನಲ್ಲಿಯ ಧಾರೆ ದಾರದಷ್ಟಾಗುತ್ತಿತ್ತು. ರಾತ್ರಿಯೇ ಬಕೆಟ್ ತುಂಬಿಸಿಟ್ಟುಕೊಂಡೆವು.

ಬಿಸಿನೀರಿಗೆ ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇತ್ತು. ಗಾಳಿಯಾಡದ ಜಾಗದಲ್ಲಿ ಅದು ಉರಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ, ಒಳಗಿದ್ದವರಿಗೆ ಅರಿವಾಗುವ ಮೊದಲೇ ಪ್ರಜ್ಞೆ ತಪ್ಪಿಸುತ್ತದೆ. ಚಳಿಗೆಂದು ಕಿಟಕಿ ಮುಚ್ಚುವ ರಾಜಸ್ಥಾನದ ಚಳಿಗಾಲದಲ್ಲಿ ಅಪಾಯ ಇನ್ನೂ ಹೆಚ್ಚು. ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರನ್ನು ಆರಿಸಿ, ಸ್ವಲ್ಪ ಹೊತ್ತಿನ ನಂತರವೇ ಒಳಗೆ ಹೋಗುವ ನಿಯಮವನ್ನು ಮೂರು ದಿನವೂ ಪಾಲಿಸಿದೆವು.

ಶುಚಿತ್ವದಲ್ಲಿ ಕಣ್ಣಿಗೆ ಕಾಣುವುದು ಬೇರೆ, ನಿಜ ಬೇರೆ. ಹೊದಿಕೆಗಳು ಒಗೆದವೇ ಆಗಿದ್ದವು. ಆದರೆ ಹಾಸಿಗೆಯ ಹೊಲಿಗೆಯ ಅಂಚನ್ನು ಮೊಬೈಲ್ ಬೆಳಕಿನಲ್ಲಿ ನೋಡಿದಾಗ ಒಂದರಲ್ಲಿ ಕಪ್ಪು ಚುಕ್ಕೆಗಳು ಕಂಡವು. ಅವು ತಿಗಣೆಯ ಗುರುತು. ತಿಳಿಸಿದೊಡನೆ ಆ ಹಾಸಿಗೆಯನ್ನು ಬದಲಾಯಿಸಿದರು. ನಮಾಝಿಗೆ ನಮ್ಮದೇ ಜಾನಮಾಝ್ ಒಯ್ದಿದ್ದೆವು.

ಸಿಬ್ಬಂದಿಯ ಸೌಜನ್ಯವನ್ನು ಸ್ವಾಗತದ ನಗುವಿನಿಂದ ಅಳೆಯಲಾಗದು. ಮ್ಯಾನೇಜರರ ಮಾತು ಒರಟು. ಗುರುತಿಗೆ ಮೊದಲ ಎಂಟು ಅಂಕೆಗಳನ್ನು ಮರೆಮಾಡಿದ ಆಧಾರ್ ಪ್ರತಿ ಕೊಟ್ಟಾಗ ಗೊಣಗಿಯೇ ಸ್ವೀಕರಿಸಿದರು. ಆದರೆ ಅಮ್ಮಿ ಮೂರನೆಯ ಮಹಡಿ ಹತ್ತಲಾರದೆ ಮೆಟ್ಟಿಲ ಮೇಲೆ ಕುಳಿತುದನ್ನು ಕಂಡು, ನಾವು ಕೇಳುವ ಮುನ್ನವೇ ಮೊದಲ ಮಹಡಿಯ ಕೋಣೆಯನ್ನು ಅದೇ ಬಾಡಿಗೆಗೆ ತೆರೆಸಿದವರೂ ಅವರೇ. ಕೆಲಸದ ಹುಡುಗ ಪ್ರತಿ ಮುಂಜಾನೆ "ಅಮ್ಮಾಜಾನ್" ಎನ್ನುತ್ತಾ ಅವರ ಕೈಹಿಡಿದು ಗಲ್ಲಿಯ ತುದಿಯವರೆಗೆ ಬಿಟ್ಟುಬರುತ್ತಿದ್ದ.

ಈ ಲಾಡ್ಜಿಗೆ ಮತ್ತೆ ಹೋಗುವೆವೇ ಎಂದು ಬಂಧುಗಳು ಕೇಳಿದರು. ಹೋಗುವೆವು, ಆದರೆ ಹಿಂಬಾಗಿಲಿನ ಚಿಲಕವನ್ನು ಮತ್ತೊಮ್ಮೆ ನಾವೇ ಎಳೆದು ನೋಡಿದ ಮೇಲೆಯೇ ಮುಂಗಡ ಕೊಡುವೆವು.